ವಾರಂಟಿ ಪ್ರಾವಿಷನ್ ಎಷ್ಟು ಇಡಬೇಕು? ಗ್ರೈಂಡರ್ ಅಂಗಡಿಯ ಹಳೇ ರಿಪೇರಿ ಲೆಕ್ಕದಿಂದ ಕಂಡುಹಿಡಿಯುವ ಬಗೆ

ಮಾರಿದ ಮಾಲಿಗೆ ಮುಂದೆ ಬರಬಹುದಾದ ಪುಕ್ಕಟೆ ರಿಪೇರಿಗೆಂದು ಈಗಲೇ ಪುಸ್ತಕದಲ್ಲಿ ಎತ್ತಿಡುವ ಮೊತ್ತವೇ ವಾರಂಟಿ ಪ್ರಾವಿಷನ್. ಮಾರ್ಚ್ 31ಕ್ಕೆ ಪುಸ್ತಕ ಮುಚ್ಚುವಾಗ ಗೃಹೋಪಯೋಗಿ ಅಂಗಡಿಗಳಲ್ಲಿ ವಾರಂಟಿ ಪ್ರಾವಿಷನ್ನಿಗೆ ಸಾಮಾನ್ಯವಾಗಿ ಒಂದೇ ಭಾಗಾಕಾರ ನಡೆಯುತ್ತದೆ. ಈ ವರ್ಷದ ವಾರಂಟಿ ರಿಪೇರಿ ಖರ್ಚನ್ನು ಈ ವರ್ಷದ ಮಾರಾಟದಿಂದ ಭಾಗಿಸಿ, ಬಂದ ಶೇಕಡಾವನ್ನು ಮಾರಾಟಕ್ಕೆ ಹಚ್ಚುತ್ತಾರೆ. ಗಮನಿಸಿದರೆ ಇದರಿಂದ ಮತ್ತೆ ಈ ವರ್ಷದ ರಿಪೇರಿ ಖರ್ಚೇ ಬರುತ್ತದೆ, ಹೊಸದೇನೂ ತಿಳಿಯುವುದಿಲ್ಲ. ಈ ವರ್ಷ ರಿಪೇರಿಗೆ ಬಂದ ಯಂತ್ರಗಳಲ್ಲಿ ಹೆಚ್ಚಿನವು ಹೋದ ವರ್ಷ, ಅದರ ಹಿಂದಿನ ವರ್ಷ ಮಾರಿದವು. ಈ ವರ್ಷ ಮಾರಿದವುಗಳಲ್ಲಿ ಹೆಚ್ಚಿನವು ಇನ್ನೂ ಕೆಡುವ ಹೊತ್ತಿಗೇ ಬಂದಿಲ್ಲ. ಮಾರಾಟ ಏರುತ್ತಿರುವ ಅಂಗಡಿಯಲ್ಲಿ ಹಳೆಯ ಸಣ್ಣ ಮಾರಾಟದ ರಿಪೇರಿಯನ್ನು ಹೊಸ ದೊಡ್ಡ ಮಾರಾಟದಿಂದ ಭಾಗಿಸಿದರೆ ಶೇಕಡಾ ಪ್ರತಿ ಸಲವೂ ಕಡಿಮೆಯೇ ಬರುತ್ತದೆ. ಮಾರಾಟ ಇಳಿಯುತ್ತಿದ್ದರೆ ಇದರ ತದ್ವಿರುದ್ಧ.

ಸರಿಯಾದ ದಾರಿ ಎಂದರೆ ಪ್ರತಿ ರಿಪೇರಿಯನ್ನೂ ಅದು ಯಾವಾಗ ಮಾರಿದ ಯಂತ್ರದ್ದೋ ಆ ಅವಧಿಯ ಮಾರಾಟಕ್ಕೆ ಸೇರಿಸಿ ನೋಡುವುದು. ಕೆಳಗಿನ ಉದಾಹರಣೆ ಲೆಕ್ಕ ತೋರಿಸಲೆಂದು ಕಟ್ಟಿಕೊಂಡದ್ದು. ಕೊಯಮತ್ತೂರಿನಲ್ಲಿ ಮಾಡಿಸಿದ ಟೇಬಲ್‌ಟಾಪ್ ಗ್ರೈಂಡರುಗಳನ್ನು ಸ್ವಂತ ಬ್ರಾಂಡಿನ ಹೆಸರಲ್ಲಿ, ಎರಡು ವರ್ಷದ ವಾರಂಟಿ ಕೊಟ್ಟು ಮಾರುವ ದಾವಣಗೆರೆಯ ಒಬ್ಬ ವ್ಯಾಪಾರಿ ಎಂದುಕೊಳ್ಳೋಣ.

ಮೊದಲು: ವಾರಂಟಿ ಕೊಟ್ಟವರು ಯಾರು?

ವಾರಂಟಿ ಕಾರ್ಡು ಕಂಪನಿಯದಾಗಿ, ಬಿಡಿಭಾಗವೂ ಕೂಲಿಯೂ ಕಂಪನಿಯ ಸರ್ವಿಸ್ ಸೆಂಟರಿನದೇ ಆಗಿದ್ದರೆ ಆ ಮಾಲಿಗೆ ಡೀಲರ್ ಪ್ರಾವಿಷನ್ ಇಡುವ ಪ್ರಶ್ನೆಯೇ ಇಲ್ಲ. ಗಿರಾಕಿ ಫೋನ್ ಮಾಡಿದಾಗ ದೂರು ಬರೆದುಕೊಂಡು ಕಂಪನಿಗೆ ತಿಳಿಸುವುದು ಹೊಣೆಯಲ್ಲ, ಸೌಜನ್ಯ. ಡೀಲರ್ ತಾನೇ ಮಾತು ಕೊಟ್ಟಿರುವ ಕಡೆ ಮಾತ್ರ ಪ್ರಾವಿಷನ್ ಬೇಕು. ಸ್ವಂತ ಬ್ರಾಂಡಿನ ಮಾಲು, ಕಂಪನಿಯ ಒಂದು ವರ್ಷದ ಮೇಲೆ ಬಿಲ್ಲಿನಲ್ಲಿ "ನಮ್ಮಿಂದ ಇನ್ನೊಂದು ವರ್ಷ" ಎಂದು ಬರೆದುಕೊಟ್ಟದ್ದು, ಅಂಗಡಿಯೇ ಜೋಡಿಸಿ ಕೊಡುವ ವಾಟರ್ ಫಿಲ್ಟರು, ಸ್ಟೆಬಿಲೈಸರು ಇಂಥವು ಇದರಲ್ಲಿ ಬರುತ್ತವೆ. ಬರವಣಿಗೆಯಲ್ಲಿ ಇಲ್ಲದಿದ್ದರೂ ವಾರಂಟಿ ಮುಗಿದು ಒಂದು ತಿಂಗಳವರೆಗೆ ಎಲ್ಲರಿಗೂ ಪುಕ್ಕಟೆ ಮಾಡಿಕೊಡುವ ರೂಢಿ ಅಂಗಡಿಯಲ್ಲಿ ಬೇರೂರಿದ್ದರೆ ಅದೂ ಹೊಣೆಯೇ. ಗಿರಾಕಿ ಅದನ್ನು ನಂಬಿಕೊಂಡೇ ಬರುತ್ತಾನೆ.

ದುಡ್ಡು ತೆಗೆದುಕೊಂಡು ಬೇರೆಯಾಗಿ ಮಾರುವ ಎಕ್ಸ್‌ಟೆಂಡೆಡ್ ವಾರಂಟಿಯನ್ನು ಈ ಲೆಕ್ಕಕ್ಕೆ ಬೆರೆಸಬೇಡಿ. ಅದರ ಆದಾಯ ಆ ಅವಧಿಗೆ ಹರಡಿಕೊಂಡು ಬರಬೇಕು, ಅದು ಬೇರೆಯದೇ ಲೆಕ್ಕ.

ಮಾಹಿತಿ ಕಲೆಹಾಕುವುದು

ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ. ಪ್ರತಿ ವಾರಂಟಿ ರಿಪೇರಿಗೆ ಎರಡು ತಾರೀಕು ಬೇಕು: ಯಂತ್ರದ ಬಿಲ್ಲಿನ ತಾರೀಕು, ಗಿರಾಕಿ ದೂರು ಕೊಟ್ಟ ತಾರೀಕು. ಜಾಬ್ ಕಾರ್ಡಿನಲ್ಲಿ ದೂರಿನ ತಾರೀಕು ಇದ್ದೇ ಇರುತ್ತದೆ. ಬಿಲ್ ನಂಬರೂ ಸೀರಿಯಲ್ ನಂಬರೂ ಬಹಳ ಕಡೆ ಇರುವುದಿಲ್ಲ. ಮೆಕ್ಯಾನಿಕ್ ಗಿರಾಕಿಯ ಹೆಸರು ಮಾತ್ರ ಬರೆದುಕೊಂಡು ಹೋಗಿರುತ್ತಾನೆ. ಹಾಗಿದ್ದರೆ ಗಿರಾಕಿಯ ಮೊಬೈಲ್ ನಂಬರು ಹಿಡಿದು ಟ್ಯಾಲಿಯಲ್ಲೋ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲೋ ಬಿಲ್ ಹುಡುಕಬೇಕು. ಇದು ಬೇಸರದ ಕೆಲಸವೇ ಸರಿ, ಆದರೆ ಬಿಲ್ಲಿನ ತಾರೀಕಿಲ್ಲದ ಕಾರ್ಡು ಈ ಲೆಕ್ಕಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಕೊನೆಗೂ ಬಿಲ್ ಸಿಗದ ಕಾರ್ಡುಗಳನ್ನು ಎಸೆಯಬೇಡಿ. ಸಿಕ್ಕವು ಯಾವ ಪ್ರಮಾಣದಲ್ಲಿ ಹಂಚಿಹೋಗಿವೆಯೋ ಅದೇ ಪ್ರಮಾಣದಲ್ಲಿ ಅವುಗಳ ಖರ್ಚನ್ನೂ ಹಂಚಿ. ಎಸೆದರೆ ಶೇಕಡಾ ಸುಮ್ಮನೆ ಕುಸಿಯುತ್ತದೆ.

ದೂರಿನ ತಾರೀಕನ್ನೇ ತೆಗೆದುಕೊಳ್ಳಬೇಕು, ರಿಪೇರಿ ಮುಗಿದ ತಾರೀಕನ್ನಲ್ಲ. ಬಿಡಿಭಾಗ ಬರುವುದು ತಡವಾಗಿ ಮಾರ್ಚಿನ ದೂರು ಮೇ ತಿಂಗಳಲ್ಲಿ ಮುಗಿದಿದ್ದರೂ ಹೊಣೆ ಮಾರ್ಚಿನದೇ. ಮಾರ್ಚ್ 31ಕ್ಕೆ ಬಾಕಿ ಉಳಿದ ಜಾಬ್ ಕಾರ್ಡುಗಳಿಗೂ ಅಂದಾಜು ಮೊತ್ತ ಹಾಕಿ ಅವನ್ನು ಖರ್ಚಿನ ಬಾಕಿ ಎಂದು ಪುಸ್ತಕಕ್ಕೆ ತಂದು ಪಟ್ಟಿಗೆ ಸೇರಿಸಿ.

ಖರ್ಚು ಎಂದರೆ ಏನೇನು? ಹಾಕಿದ ಬೆಲ್ಟು, ಕೆಪಾಸಿಟರು, ಬೇರಿಂಗು, ಮೋಟಾರು ಇವುಗಳ ಖರೀದಿ ಬೆಲೆ (ಮಾರುವ ಬೆಲೆಯಲ್ಲ), ಕೂಲಿ, ಮೆಕ್ಯಾನಿಕ್ ಗಿರಾಕಿಯ ಮನೆಗೆ ಹೋಗಿ ಬಂದ ಪೆಟ್ರೋಲು, ವೈಂಡಿಂಗಿಗೆ ಹೊರಗೆ ಕೊಟ್ಟ ದುಡ್ಡು. ಯಂತ್ರವನ್ನೇ ಬದಲಿಸಿ ಕೊಟ್ಟಿದ್ದರೆ ಅದರ ಖರೀದಿ ಬೆಲೆಯಿಂದ ಹಳೆಯದರ ಗುಜರಿ ಬೆಲೆ ಕಳೆದು ಉಳಿದದ್ದು. ಸಂಬಳದ ಮೆಕ್ಯಾನಿಕ್ ಇದ್ದರೆ ಅವನ ಸಂಬಳದಲ್ಲಿ ವಾರಂಟಿ ಕೆಲಸದ ಪಾಲನ್ನು ಜಾಬ್ ಕಾರ್ಡುಗಳ ಲೆಕ್ಕದಲ್ಲಿ ಹಂಚಿ, ಆ ಪದ್ಧತಿಯನ್ನು ವರ್ಷವರ್ಷ ಬದಲಿಸಬೇಡಿ. ಸೋರಿಹೋಗುವ ಜಾಗ ಒಂದಿದೆ. ಮೆಕ್ಯಾನಿಕ್ ಕೌಂಟರಿನ ಹಿಂದಿನ ಶೆಲ್ಫಿನಿಂದ ಚೀಟಿ ಬರೆಯದೆ ಬೆಲ್ಟು ತೆಗೆದುಕೊಂಡು ಹೋಗುತ್ತಾನೆ, ವರ್ಷದ ಕೊನೆಗೆ ಅದು ಸ್ಟಾಕ್ ಕೊರತೆ ಎಂದು ಕಾಣಿಸಿಕೊಳ್ಳುತ್ತದೆ. ಬಿಡಿಭಾಗಗಳ ಸ್ಟಾಕ್ ಕೊರತೆ ವರ್ಷಾವರ್ಷ ಒಂದೇ ಮಟ್ಟದಲ್ಲಿದ್ದರೆ ವಾರಂಟಿ ಖರ್ಚು ಅಲ್ಲಿ ಅಡಗಿದೆಯೇ ನೋಡಿ.

ಹೊಸ ಯಂತ್ರ ಕೂರಿಸಿ ತೋರಿಸಿಕೊಟ್ಟ ಖರ್ಚು, ದುಡ್ಡು ತೆಗೆದುಕೊಂಡು ಮಾಡಿದ ರಿಪೇರಿ, ಮೋಟಾರಿಗೆ ನೀರು ನುಗ್ಗಿಸಿಕೊಂಡು ತಂದದ್ದಕ್ಕೆ ಮುಖ ನೋಡಿ ಒಂದೆರಡು ಸಲ ಬಿಟ್ಟುಕೊಟ್ಟದ್ದು ಇವ್ಯಾವುವೂ ಬೇಡ.

ಮಾರಾಟದ ಮೊತ್ತವನ್ನು ಜಿಎಸ್‌ಟಿ ಬಿಟ್ಟು ಹಿಡಿಯಿರಿ, ವಾಪಸು ಬಂದ ಮಾಲನ್ನೂ ಕಳೆಯಿರಿ. ತೆರಿಗೆ ಸೇರಿಸಿದರೆ ಏನಾಗುತ್ತದೆ ಎಂಬುದಕ್ಕೆ 2025ರ ಸೆಪ್ಟೆಂಬರ್ 22 ಒಳ್ಳೆಯ ಉದಾಹರಣೆ. ಅಂದು ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಯಂತ್ರ ಅದೇ, ಕೆಡುವುದೂ ಅಷ್ಟೇ, ಆದರೆ ಬಿಲ್ ಮೊತ್ತ ಇಳಿದದ್ದರಿಂದ ಶೇಕಡಾ ಏರಿದಂತೆ ಕಾಣುತ್ತದೆ. ಬಿಡಿಭಾಗದ ಬೆಲೆಯನ್ನೂ ಜಿಎಸ್‌ಟಿ ಬಿಟ್ಟೇ ಬರೆಯಿರಿ. ಗಿರಾಕಿಯಿಂದ ಬೇರೆ ದುಡ್ಡು ತೆಗೆದುಕೊಳ್ಳದೆ ವಾರಂಟಿಯಲ್ಲಿ ಹಾಕಿಕೊಟ್ಟ ಬಿಡಿಭಾಗಕ್ಕೆ ಜಿಎಸ್‌ಟಿ ಕಟ್ಟಬೇಕಿಲ್ಲ, ಅದರ ಇನ್‌ಪುಟ್ ಕ್ರೆಡಿಟ್ಟನ್ನೂ ಹಿಂದಿರುಗಿಸಬೇಕಿಲ್ಲ ಎಂದು 2023ರ ಜುಲೈ 17ರ 195ನೇ ಜಿಎಸ್‌ಟಿ ಸುತ್ತೋಲೆ ಹೇಳಿದೆ. ಹಾಗಾಗಿ ಆ ತೆರಿಗೆ ನಿಮ್ಮ ಖರ್ಚಲ್ಲ.

ಕೊನೆಯದಾಗಿ, ಒಂದೊಂದು ಬಗೆಯ ಮಾಲಿಗೆ ಒಂದೊಂದು ಪಟ್ಟಿ. ಗ್ರೈಂಡರು, ಮಿಕ್ಸಿ, ಇನ್ವರ್ಟರ್ ಬ್ಯಾಟರಿ ಎಲ್ಲವನ್ನೂ ಒಂದರಲ್ಲಿ ಹಾಕಿದರೆ ಯಾವುದರ ನಡತೆಯೂ ತಿಳಿಯುವುದಿಲ್ಲ. ಬ್ಯಾಟರಿಗಳು ವಾರಂಟಿಯ ಕೊನೆಗಾಲದಲ್ಲಿ ಹೆಚ್ಚಾಗಿ ಬರುತ್ತವೆ, ಮಿಕ್ಸಿ ಹಾಗಲ್ಲ.

ಪಟ್ಟಿ ಕಟ್ಟುವುದು

ಅವಧಿಯನ್ನು ಆರು ತಿಂಗಳಿಗೆ ಒಂದರಂತೆ ಕತ್ತರಿಸಿ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ವರ್ಷಕ್ಕೊಂದು ಅವಧಿ ಸಾಕಲ್ಲವೇ ಎಂದರೆ ಸಾಲದು. ನಮ್ಮಲ್ಲಿ ದೀಪಾವಳಿಯ ಆಸುಪಾಸಿನಲ್ಲಿ ಮಾರಾಟ ಉಕ್ಕುತ್ತದೆ. ಮಾರಾಟ ವರ್ಷವಿಡೀ ಸಮವಾಗಿ ಹರಡಿದೆ ಎಂದು ಹಿಡಿದರೆ ಮಾರ್ಚ್ 31ಕ್ಕೆ ಯಂತ್ರಗಳಿಗೆ ಸರಾಸರಿ ಆರು ತಿಂಗಳ ಪ್ರಾಯ ಎಂದಾಗುತ್ತದೆ, ನಿಜವಾಗಿ ಹೆಚ್ಚಿನವು ಅದಕ್ಕಿಂತ ಎಳೆಯವು. ತಿಂಗಳಿಗೊಂದು ಮಾಡಿದರೆ ಪಟ್ಟಿಯ ಪ್ರತಿ ಮನೆಯಲ್ಲೂ ಒಂದೆರಡೇ ರಿಪೇರಿ ಬಿದ್ದು ಅಂಕಿಗಳು ಕುಣಿಯುತ್ತವೆ.

ಎಕ್ಸೆಲ್‌ನ `Claims` ಹಾಳೆಯಲ್ಲಿ B ಕಾಲಮ್ಮಿಗೆ ಬಿಲ್ಲಿನ ತಾರೀಕು, C ಕಾಲಮ್ಮಿಗೆ ದೂರಿನ ತಾರೀಕು, H ಕಾಲಮ್ಮಿಗೆ ಖರ್ಚು ಹಾಕಿ. F ಕಾಲಮ್ಮು ಮಾರಾಟದ ಅರ್ಧವರ್ಷಕ್ಕೆ ಒಂದು ಕ್ರಮಸಂಖ್ಯೆ ಕೊಡುತ್ತದೆ, G ಕಾಲಮ್ಮು ಎಷ್ಟು ಅರ್ಧವರ್ಷದ ನಂತರ ದೂರು ಬಂತು ಎಂದು ಹೇಳುತ್ತದೆ. ಕೊನೆಯ ಸೂತ್ರ ಪಟ್ಟಿಯ ಹಾಳೆಯದು. ಅಲ್ಲಿ A ಕಾಲಮ್ಮಿನಲ್ಲಿ ಕ್ರಮಸಂಖ್ಯೆ, ಮೇಲಿನ ಸಾಲಿನಲ್ಲಿ 0ಯಿಂದ 4 ಇರಬೇಕು.

```
F2: =INT((YEAR(B2)*12+MONTH(B2)-4)/6)
G2: =INT((YEAR(C2)*12+MONTH(C2)-4)/6)-F2
C3: =SUMIFS(Claims!$H:$H,Claims!$F:$F,$A3,Claims!$G:$G,C$1)
```

ಎರಡು ವರ್ಷದ ವಾರಂಟಿಗೆ G ಕಾಲಮ್ಮಿನಲ್ಲಿ 0ಯಿಂದ 4ರವರೆಗೆ ಮಾತ್ರ ಬರಬಹುದು. ಮೈನಸ್ ಬಂದರೆ ಬೇರೆ ಬಿಲ್ಲಿಗೆ ಜೋಡಿಸಿದ್ದೀರಿ. 5 ಅಥವಾ ಹೆಚ್ಚು ಬಂದರೆ ವಾರಂಟಿ ಮುಗಿದ ಯಂತ್ರಕ್ಕೆ ಪುಕ್ಕಟೆ ಮಾಡಿಕೊಟ್ಟಿದ್ದಾರೆ, ಅಥವಾ ಗಿರಾಕಿಯ ಹಳೆಯ ಇನ್ನೊಂದು ಯಂತ್ರದ ಬಿಲ್ಲು ಅದು. ಎರಡನ್ನೂ ಕಾರ್ಡು ತೆಗೆದು ನೋಡಲೇಬೇಕು.

ನಮ್ಮ ವ್ಯಾಪಾರಿಯ ಪಟ್ಟಿ 2026ರ ಮಾರ್ಚ್ 31ಕ್ಕೆ ಹೀಗಿದೆ. ಮಾರಾಟ ಲಕ್ಷ ರೂಪಾಯಿಗಳಲ್ಲಿ, ರಿಪೇರಿ ಖರ್ಚು ಸಾವಿರ ರೂಪಾಯಿಗಳಲ್ಲಿ.

| ಮಾರಿದ ಅವಧಿ | ಮಾರಾಟ | ಅದೇ ಅವಧಿ (0) | 1 | 2 | 3 | 4 |
|---|---|---|---|---|---|---|
| ಏಪ್ರಿಲ್–ಸೆಪ್ಟೆಂಬರ್ 2023 | 40 | 12 | 28 | 20 | 26 | 14 |
| ಅಕ್ಟೋಬರ್ 2023–ಮಾರ್ಚ್ 2024 | 60 | 18 | 42 | 30 | 33 | 26 |
| ಏಪ್ರಿಲ್–ಸೆಪ್ಟೆಂಬರ್ 2024 | 50 | 16 | 34 | 24 | 31 | – |
| ಅಕ್ಟೋಬರ್ 2024–ಮಾರ್ಚ್ 2025 | 80 | 24 | 58 | 41 | – | – |
| ಏಪ್ರಿಲ್–ಸೆಪ್ಟೆಂಬರ್ 2025 | 60 | 17 | 41 | – | – | – |
| ಅಕ್ಟೋಬರ್ 2025–ಮಾರ್ಚ್ 2026 | 100 | 30 | – | – | – | – |

ಮೇಲಿನ ಎರಡು ಸಾಲುಗಳ ವಾರಂಟಿ ಪೂರ್ತಿ ಮುಗಿದಿದೆ. ಎರಡನೇ ಸಾಲಿನ ಕೊನೆಯ ಯಂತ್ರ 2024ರ ಮಾರ್ಚ್ 31ರಂದು ಮಾರಿದ್ದು, ಅದರ ವಾರಂಟಿ 2026ರ ಮಾರ್ಚ್ 31ಕ್ಕೆ ತೀರಿತು. ಕೆಳಗಿನ ನಾಲ್ಕು ಸಾಲುಗಳಲ್ಲಿ ಗೆರೆ ಎಳೆದಿರುವ ಮನೆಗಳನ್ನು ತುಂಬುವುದೇ ನಮ್ಮ ಕೆಲಸ.

ಶೇಕಡಾ ತೆಗೆಯುವುದು

ಒಂದೊಂದು ಕಾಲಮ್ಮಿಗೂ ಅದರಲ್ಲಿರುವ ಖರ್ಚನ್ನೆಲ್ಲ ಕೂಡಿಸಿ, ಆ ಖರ್ಚು ಬಂದ ಸಾಲುಗಳ ಮಾರಾಟವನ್ನಷ್ಟೇ ಕೂಡಿಸಿ ಭಾಗಿಸಿ. 1ನೇ ಕಾಲಮ್ಮಿನಲ್ಲಿ ಖರ್ಚು 28+42+34+58+41 ಅಂದರೆ 2,03,000. ಇದು ಮೊದಲ ಐದು ಸಾಲುಗಳ 290 ಲಕ್ಷ ಮಾರಾಟದ್ದು, ಆರನೇ ಸಾಲಿನ 100 ಲಕ್ಷವನ್ನು ಇಲ್ಲಿ ಸೇರಿಸುವಂತಿಲ್ಲ. ಬಂದದ್ದು ಶೇ 0.70. ಹೀಗೆಯೇ 0ಗೆ ಶೇ 0.30, 2ಕ್ಕೆ ಶೇ 0.50, 3ಕ್ಕೆ ಶೇ 0.60, 4ಕ್ಕೆ ಶೇ 0.40 ಬರುತ್ತದೆ. ಒಟ್ಟು ಶೇ 2.50.

ಸಾಲು ಸಾಲಿನ ಶೇಕಡಾ ತೆಗೆದು ಅವುಗಳ ಸರಾಸರಿ ಮಾಡುವ ಬದಲು ಹೀಗೆ ಮೊತ್ತಗಳನ್ನೇ ಕೂಡಿಸಿ ಭಾಗಿಸುವುದಕ್ಕೆ ಕಾರಣವಿದೆ: 40 ಲಕ್ಷದ ಮಾರಾಟದಲ್ಲಿ ಒಂದು ಮೋಟಾರು ಹೆಚ್ಚಿಗೆ ಸುಟ್ಟರೆ ಅದು 80 ಲಕ್ಷದ ಸಾಲಿನಷ್ಟೇ ತೂಕ ಪಡೆಯಬಾರದು. ಜೊತೆಗೆ ಪ್ರತಿ ಸಾಲಿನ ಶೇಕಡಾವನ್ನೂ ಕಣ್ಣಳತೆಗೆ ಬರೆದುಕೊಳ್ಳಿ. 3ನೇ ಕಾಲಮ್ಮಿನಲ್ಲಿ 0.65, 0.55, 0.62 ಇವೆ, ಇದು ಸಹಜ ಏರಿಳಿತ. 0.4, 0.6, 0.9 ಎಂದು ಒಂದೇ ದಿಕ್ಕಿಗೆ ಏರುತ್ತಿದ್ದರೆ ಎಲ್ಲ ವರ್ಷಗಳ ಸರಾಸರಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಆಗ ಕಾರಣ ಹುಡುಕಿ (ಮಾಡಿಕೊಡುವವರು ಕಡಿಮೆ ದರದ ಬೇರಿಂಗಿಗೆ ಬದಲಾಯಿಸಿರಬಹುದು, ತಾಮ್ರದ ಬೆಲೆ ಏರಿ ವೈಂಡಿಂಗ್ ದರ ಏರಿರಬಹುದು) ಇತ್ತೀಚಿನ ಒಂದೆರಡು ಸಾಲಿನ ದರವನ್ನೇ ಹಿಡಿಯಿರಿ, ಕಾರಣವನ್ನೂ ಹಾಳೆಯಲ್ಲಿ ಬರೆದಿಡಿ.

4ನೇ ಕಾಲಮ್ಮು ಎಲ್ಲಕ್ಕಿಂತ ದುರ್ಬಲ, ಎರಡೇ ಸಾಲಿನ ಆಧಾರ ಅದಕ್ಕೆ. ಹಾಗೆಂದು ಅದನ್ನು ಬಿಡುವಂತಿಲ್ಲ. ವಾರಂಟಿ ತೀರುವ ವಾರಗಳಲ್ಲಿ ಗಿರಾಕಿಗಳು ಸಣ್ಣ ಸದ್ದಿಗೂ ಯಂತ್ರ ಹೊತ್ತು ತರುತ್ತಾರೆ.

ಪ್ರಾವಿಷನ್ ಮೊತ್ತ

ಈಗ ಪ್ರತಿ ಸಾಲಿಗೂ ಇನ್ನು ಬರಬೇಕಾದ ಕಾಲಮ್ಮುಗಳ ಶೇಕಡಾವನ್ನಷ್ಟೇ ಕೂಡಿಸಿ ಅದರ ಮಾರಾಟಕ್ಕೆ ಹಚ್ಚಿ. 2024ರ ಏಪ್ರಿಲ್–ಸೆಪ್ಟೆಂಬರ್ ಸಾಲಿಗೆ ಉಳಿದಿರುವುದು ಶೇ 0.40, ಅಂದರೆ 50 ಲಕ್ಷಕ್ಕೆ 20,000. ಅದರ ಮುಂದಿನ 80 ಲಕ್ಷಕ್ಕೆ ಶೇ 1.00, ಅಂದರೆ 80,000. 2025ರ ಏಪ್ರಿಲ್–ಸೆಪ್ಟೆಂಬರಿನ 60 ಲಕ್ಷಕ್ಕೆ ಶೇ 1.50, ಅಂದರೆ 90,000. ಕೊನೆಯ 100 ಲಕ್ಷಕ್ಕೆ ಶೇ 2.20, ಅಂದರೆ 2,20,000. ಎಲ್ಲ ಕೂಡಿ 4,10,000 ರೂಪಾಯಿ.

ಸುಲಭದ ಭಾಗಾಕಾರ ಏನು ಕೊಡುತ್ತಿತ್ತು? 2025–26ರಲ್ಲಿ ಆದ ವಾರಂಟಿ ಖರ್ಚು ಒಟ್ಟು 3,15,000, ಮಾರಾಟ 160 ಲಕ್ಷ. ಹತ್ತಿರ ಹತ್ತಿರ ಶೇ 1.97. ಆ ಲೆಕ್ಕದಲ್ಲಿ ಪ್ರಾವಿಷನ್ 3,15,000, ಅಂದರೆ 95,000 ಕಡಿಮೆ. ನಿಜವಾದ ದರ ಶೇ 2.50 ಇದ್ದರೂ ಮಾರಾಟ ಏರುತ್ತಿರುವುದರಿಂದ ಅದು ಎರಡಕ್ಕಿಂತ ಕೆಳಗೆ ಕಾಣುತ್ತದೆ. ಹಾಗೆಂದು ವರ್ಷದ ಮಾರಾಟಕ್ಕೆ ಪೂರ್ತಿ ಶೇ 2.50 ಹಚ್ಚಿ 4,00,000 ಇಡುವುದೂ ತಪ್ಪೇ. ಈ ವರ್ಷದ ಮಾಲಿಗೆ ಆಗಲೇ ಮಾಡಿದ 88,000 ರಿಪೇರಿ ಅದರಲ್ಲಿ ಮತ್ತೆ ಸೇರುತ್ತದೆ, ಹೋದ ವರ್ಷದ ಮಾಲಿಗೆ ಇನ್ನೂ ಬೇಕಾದ ಒಂದು ಲಕ್ಷ ಬಿಟ್ಟುಹೋಗುತ್ತದೆ. ಮೊತ್ತ 4,10,000ದ ಹತ್ತಿರ ಬಂದದ್ದು ಕಾಕತಾಳೀಯ ಅಷ್ಟೇ.

ಒಂದು ಲಾಟ್ ಮಾಲು ಕೆಟ್ಟಿದ್ದರೆ ಅದನ್ನು ಈ ಪಟ್ಟಿಯಿಂದ ಹೊರಗಿಡಬೇಕು. ಒಂದೇ ಲಾಟಿನ ಯಂತ್ರಗಳು ಒಂದೇ ಕೆಪಾಸಿಟರಿಗಾಗಿ ಸಾಲಾಗಿ ಬರುತ್ತಿದ್ದರೆ ಆ ಖರ್ಚನ್ನು ಪಟ್ಟಿಯಿಂದ ತೆಗೆದು, ಆ ಲಾಟಿನಲ್ಲಿ ಇನ್ನೂ ಎಷ್ಟು ಯಂತ್ರ ಗಿರಾಕಿಗಳ ಮನೆಯಲ್ಲಿವೆ, ಅವುಗಳಲ್ಲಿ ಎಷ್ಟು ಬರಬಹುದು, ಒಂದಕ್ಕೆ ಎಷ್ಟು ಖರ್ಚು ಎಂದು ಗುಣಿಸಿ ಪ್ರತ್ಯೇಕ ಮೊತ್ತವಾಗಿ ಸೇರಿಸಿ. ಪಟ್ಟಿಯೊಳಗೇ ಬಿಟ್ಟರೆ ಆ ಕೆಟ್ಟ ಲಾಟ್ ಮುಂದಿನ ವರ್ಷಗಳ ಒಳ್ಳೆಯ ಮಾಲಿನ ದರವನ್ನೂ ಏರಿಸುತ್ತದೆ.

ಮಾಡಿಕೊಡುವವರಿಂದ ಬರುವ ದುಡ್ಡು

ಕೊಯಮತ್ತೂರಿನವರು ಮೊದಲ ವರ್ಷ ಸುಟ್ಟ ಮೋಟಾರಿಗೆ ಬದಲಿ ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ಮೋಟಾರು ಅವರಿಂದ ಪುಕ್ಕಟೆ ಬಂದು ನೀವು ಕೂಲಿ ಮಾತ್ರ ಹಾಕಿದ್ದರೆ ನಿಮ್ಮ ಖರ್ಚು ಕೂಲಿಯಷ್ಟೇ, ಪಟ್ಟಿಗೂ ಅಷ್ಟೇ ಬರೆಯಿರಿ. ನೀವು ನಿಮ್ಮ ಸ್ಟಾಕಿನಿಂದ ಹಾಕಿ ಆಮೇಲೆ ಅವರಿಗೆ ಬಿಲ್ ಮಾಡುವುದಾದರೆ ಪಟ್ಟಿಗೆ ಪೂರ್ತಿ ಖರ್ಚು ಬರಬೇಕು, ಆ ಬಿಲ್ಲಿಗೆ ಜಿಎಸ್‌ಟಿಯೂ ಹತ್ತುತ್ತದೆ. ಅವರಿಂದ ಬರಬೇಕಾದದ್ದನ್ನು ಪ್ರಾವಿಷನ್ನಿನಲ್ಲಿ ಕಳೆದು ತೋರಿಸುವಂತಿಲ್ಲ. ಬರುವುದು ಹೆಚ್ಚುಕಡಿಮೆ ಖಾತ್ರಿ ಎನ್ನುವಂತಿದ್ದರೆ ಮಾತ್ರ ಪ್ರಾವಿಷನ್‌ಗಳ ಲೆಕ್ಕಪತ್ರ ಮಾನದಂಡವಾದ ಎಎಸ್ 29ರ ಪ್ರಕಾರ ಅದನ್ನು ಬೇರೆ ಆಸ್ತಿಯಾಗಿ ತೋರಿಸಬಹುದು, ಅದೂ ಪ್ರಾವಿಷನ್ನಿನ ಮೊತ್ತವನ್ನು ಮೀರದಂತೆ. "ಕೊಡ್ತೀವಿ ಬಿಡಿ" ಎಂದು ಫೋನಿನಲ್ಲಿ ಹೇಳಿದ್ದು ಖಾತ್ರಿಯಲ್ಲ. ಒಪ್ಪಂದದ ಕಾಗದ, ಹಿಂದಿನ ಕ್ರೆಡಿಟ್ ನೋಟುಗಳು ಬೇಕು.

ಪುಸ್ತಕಕ್ಕೆ ಬರೆಯುವುದು

ವರ್ಷವಿಡೀ ಆಗುವ ವಾರಂಟಿ ರಿಪೇರಿಯನ್ನು ಪ್ರಾವಿಷನ್ ಖಾತೆಗೇ ಡೆಬಿಟ್ ಮಾಡಿ, ವರ್ಷದ ಕೊನೆಗೆ ಬೇಕಾದ ಮೊತ್ತಕ್ಕೆ ತುಂಬಿಸುವುದು ಚೊಕ್ಕ ಪದ್ಧತಿ. ನಮ್ಮ ವ್ಯಾಪಾರಿಯ ಆರಂಭದ ಪ್ರಾವಿಷನ್ 3,20,000 ಇತ್ತು. ವರ್ಷದಲ್ಲಿ 3,15,000 ಖರ್ಚಾಗಿ 5,000 ಉಳಿಯಿತು. ಕೊನೆಗೆ 4,10,000 ಇರಬೇಕಾದ್ದರಿಂದ ವಾರಂಟಿ ಖರ್ಚಿಗೆ 4,05,000 ಡೆಬಿಟ್, ವಾರಂಟಿ ಪ್ರಾವಿಷನ್ನಿಗೆ ಕ್ರೆಡಿಟ್. ರಿಪೇರಿಯನ್ನು ನೇರ ಖರ್ಚಿಗೂ ಹಾಕಿ ಮೇಲೆ ಪೂರ್ತಿ ಪ್ರಾವಿಷನ್ನನ್ನೂ ಹೊಸದಾಗಿ ಹಾಕಿದರೆ ಒಂದೇ ಖರ್ಚು ಎರಡು ಸಲ ಬೀಳುತ್ತದೆ. ಲೆಕ್ಕ ಪರಿಶೋಧಕರು ಮೊದಲು ಹುಡುಕುವುದು ಇದನ್ನೇ.

ನಿಮ್ಮ ವ್ಯಾಪಾರವೇ ಕಂಪನಿಯಾಗಿದ್ದರೆ ಮುಂದಿನ ಹನ್ನೆರಡು ತಿಂಗಳದ್ದನ್ನೂ ಆಮೇಲಿನದನ್ನೂ ಬೇರೆ ಮಾಡಬೇಕು. ಪಟ್ಟಿಯಿಂದ ಇದು ತಾನಾಗಿ ಸಿಗುತ್ತದೆ: 2026–27ರಲ್ಲಿ ಬರುವ ಮನೆಗಳ ಮೊತ್ತ 2,86,000, ಆಮೇಲಿನದು 1,24,000. ಎಎಸ್ 29ರಲ್ಲಿ ಇಂಥ ಪ್ರಾವಿಷನ್ನನ್ನು ಬಡ್ಡಿ ಕಳೆದು ಇಂದಿನ ಬೆಲೆಗೆ ಇಳಿಸುವಂತಿಲ್ಲ, ಇಂಡ್ ಎಎಸ್ 37 ಅನ್ವಯಿಸುವ ದೊಡ್ಡ ಕಂಪನಿಗಳಿಗೆ ಆ ನಿಯಮ ಬೇರೆ.

ಹೋದ ವರ್ಷದ ಅಂದಾಜು ಎಷ್ಟು ಸರಿಯಿತ್ತು?

ಆರಂಭದ 3,20,000ವನ್ನು ಹಳೆಯ ಮಾಲಿಗೆಂದೇ ಇಟ್ಟದ್ದು. ಆ ಹಳೆಯ ಮಾಲಿಗೆ ಈ ವರ್ಷ ಖರ್ಚಾದದ್ದು 2,27,000, ಇನ್ನೂ ಬೇಕಾದದ್ದು 1,00,000, ಒಟ್ಟು 3,27,000. ಅಂದಾಜು 7,000 ಕಡಿಮೆಯಾಗಿತ್ತು, ಸುಮಾರು ಶೇ 2. ಅದು ಈ ವರ್ಷದ 4,05,000ದೊಳಗೇ ಸೇರಿದೆ, ಹೋದ ವರ್ಷದ ಪುಸ್ತಕ ತೆರೆಯಬೇಕಿಲ್ಲ. ಆದರೆ ಈ ವ್ಯತ್ಯಾಸ ಪ್ರತಿ ವರ್ಷ ಒಂದೇ ಕಡೆಗೆ ಬೀಳುತ್ತಿದ್ದರೆ ಪಟ್ಟಿಯಲ್ಲಿ ಏನೋ ತಪ್ಪಿದೆ. ಪ್ರತಿ ಸಲ ಕಡಿಮೆಯಾದರೆ ಬಿಲ್ ಸಿಗದ ಕಾರ್ಡುಗಳನ್ನೋ ಬಾಕಿ ಜಾಬ್ ಕಾರ್ಡುಗಳನ್ನೋ ಬಿಟ್ಟಿರುತ್ತೀರಿ. ಪ್ರತಿ ಸಲ ಹೆಚ್ಚಾಗಿ ಉಳಿದರೆ ಆ ಉಳಿಕೆಯನ್ನು ಲಾಭಕ್ಕೆ ತಿರುಗಿಸಲೇಬೇಕು. ಬೇರೆ ಖರ್ಚಿಗೆ ಅದನ್ನು ಬಳಸಿಕೊಳ್ಳಲು ಎಎಸ್ 29 ಬಿಡುವುದಿಲ್ಲ.

ತೆರಿಗೆಯಲ್ಲಿ ಈ ಹೋಲಿಕೆಗೇ ಬೆಲೆ. ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಹಿಂದಿನ ಅನುಭವದ ಆಧಾರದಲ್ಲಿ ವಹಿವಾಟಿನ ಶೇಕಡಾವಾಗಿ ತೆಗೆದ ವಾರಂಟಿ ಪ್ರಾವಿಷನ್ನನ್ನು ಖರ್ಚೆಂದು ಒಪ್ಪಿತು. ಹಿಂದಿನ ಘಟನೆಯಿಂದ ಹುಟ್ಟಿದ ಹೊಣೆ ಇರಬೇಕು, ದುಡ್ಡು ಹೋಗುವ ಸಂಭವ ಹೆಚ್ಚಿರಬೇಕು, ಅಂದಾಜು ನಂಬುವಂತಿರಬೇಕು ಎಂಬ ಮೂರನ್ನು ನೋಡಿತು. ಈಗ ಆದಾಯ ತೆರಿಗೆಯ ಲೆಕ್ಕಕ್ಕೆಂದೇ ಇರುವ ಮಾನದಂಡ ಐಸಿಡಿಎಸ್ 10ರಲ್ಲಿ ಸಂಭವದ ಜಾಗದಲ್ಲಿ "ತಕ್ಕಮಟ್ಟಿನ ಖಚಿತತೆ" ಬಂದಿರುವುದರಿಂದ ಬಾಯಂದಾಜು ಇನ್ನೂ ಕಷ್ಟ. ನಗದು ಪದ್ಧತಿಯಲ್ಲಿ ಪುಸ್ತಕ ಇಡುವವರಿಗೆ, ವಹಿವಾಟಿನ ಶೇಕಡಾವನ್ನೇ ಲಾಭವೆಂದು ತೋರಿಸಿ ತೆರಿಗೆ ಕಟ್ಟುವವರಿಗೆ ಪ್ರಾವಿಷನ್‌ನಿಂದ ತೆರಿಗೆಯಲ್ಲಿ ಏನೂ ಇಳಿಯುವುದಿಲ್ಲ.

ಮಾರ್ಚ್ 31ರ ಪಟ್ಟಿಯನ್ನು ಪಿಡಿಎಫ್ ಮಾಡಿ ತಾರೀಕು ಹಾಕಿ ಇಡಿ, ಅದೇ ಎಕ್ಸೆಲ್ ಮೇಲೆ ಮುಂದಿನ ವರ್ಷದ ಅಂಕಿ ಬರೆಯುತ್ತ ಹೋಗಬೇಡಿ. ಅಧಿಕಾರಿ ಕೇಳುವುದು ಅಂದಿನ ಅಂದಾಜು ಹೇಗೆ ಬಂತು ಎಂದು. ಅಂದಿನ ಪಟ್ಟಿ, ಅದರ ಹಿಂದಿನ ಜಾಬ್ ಕಾರ್ಡುಗಳು, ದರ ಬದಲಿಸಿದ್ದರೆ ಅದರ ಕಾರಣ, ಆಮೇಲೆ ನಿಜವಾಗಿ ಆದ ಖರ್ಚು ಇಷ್ಟು ಒಂದೇ ಫೈಲಿನಲ್ಲಿರಲಿ.